ಬಂಡವಾಳ ಬಂದ ಸುದ್ದಿಗೆ ಕ್ಯಾಪ್ಷನ್ ಬರೆಯುವ ಕ್ರಮ: ಮೊದಲು ಕೃತಜ್ಞತೆ, ಆಮೇಲೆ ಅಂಕಿ

ಸ್ಟಾರ್ಟ್‌ಅಪ್ ಒಂದು ಹೂಡಿಕೆ ಪಡೆದಾಗ ಅದರ ಖಾತೆಗೆ ಬಂದು ಸೇರುವುದು ತನ್ನದೇ ಒಂದು ಪಾಲನ್ನು ಬಿಟ್ಟುಕೊಟ್ಟು ಪಡೆದ ಹಣ. ಆ ಹಣದಿಂದ ಮಾಡಬೇಕಾದ ಕೆಲಸ ಪೂರ್ತಿಯಾಗಿ ಬಾಕಿ ಇರುತ್ತದೆ. ಹಾಗಿದ್ದರೂ ಇಂಥ ಸುದ್ದಿಯ ಬಹುಪಾಲು ಕ್ಯಾಪ್ಷನ್‌ಗಳು ಗೆದ್ದ ಪಂದ್ಯದ ವರದಿಯಂತೆ ಓದಿಸಿಕೊಳ್ಳುತ್ತವೆ: ಮೊದಲ ಸಾಲಿನಲ್ಲಿ ಮೊತ್ತ, ಎರಡನೆಯದರಲ್ಲಿ ಹೂಡಿಕೆದಾರರ ಹೆಸರುಗಳ ಮೆರವಣಿಗೆ, ಕೊನೆಯಲ್ಲಿ ‘ಎಲ್ಲರಿಗೂ ಧನ್ಯವಾದ’ ಎಂಬ ಮೂರನೆಯ ಸಾಲು. ಈ ಕ್ರಮವನ್ನು ತಿರುಗಿಸಿ, ನೆರವಾದವರನ್ನು ಮುಂದಕ್ಕೆ ತಂದು, ಅಂಕಿಯನ್ನು ಅದರ ನಿಜವಾದ ಅಳತೆಯಲ್ಲಿ ಮಧ್ಯದಲ್ಲೆಲ್ಲೋ ಇಡುವುದು ಹೇಗೆ ಎಂಬುದನ್ನು ಒಂದೇ ಉದಾಹರಣೆಯ ಮೂಲಕ ಇಲ್ಲಿ ವಿವರಿಸುತ್ತೇನೆ.

ಉದಾಹರಣೆಗಾಗಿ ಕಲ್ಪಿಸಿಕೊಂಡ ಕಂಪನಿ ಇದು. ಲಸಿಕೆಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕಾಗುತ್ತದೆ. ಕ್ಲಿನಿಕ್‌ನ ಫ್ರಿಜ್ ಈ ಮಿತಿಯನ್ನು ದಾಟಿದ ಕೂಡಲೇ ಅಲ್ಲಿನ ದಾದಿಯ ಫೋನಿಗೆ ಎಚ್ಚರಿಕೆ ಕಳುಹಿಸುವ ಸಣ್ಣ ಉಪಕರಣವನ್ನು ಈ ಕಂಪನಿ ತಯಾರಿಸುತ್ತದೆ. ತಂಡದಲ್ಲಿ ಒಂಬತ್ತು ಜನರಿದ್ದಾರೆ. ಸ್ಥಾಪಕರು ಬರೆದ ಮೊದಲ ಕರಡು ಹೀಗಿದೆ ಎಂದುಕೊಳ್ಳೋಣ:

“ನಂಬಲಾಗುತ್ತಿಲ್ಲ! ನಾವು 20 ಲಕ್ಷ ಡಾಲರ್ ಬಂಡವಾಳ ಸಂಗ್ರಹಿಸಿದ್ದೇವೆ! ವಿನಮ್ರರಾಗಿದ್ದೇವೆ. ವಿಶ್ವದ ಅತ್ಯುತ್ತಮ ಹೂಡಿಕೆದಾರರು ನಮ್ಮ ಕನಸನ್ನು ನಂಬಿದ್ದಾರೆ. 50ಕ್ಕೂ ಹೆಚ್ಚು ಕ್ಲಿನಿಕ್‌ಗಳು ನಮ್ಮೊಂದಿಗಿವೆ. ಈ ಪಯಣದಲ್ಲಿ ಜೊತೆಯಾದ ಪ್ರತಿಯೊಬ್ಬರಿಗೂ ಧನ್ಯವಾದ. ಇದು ಆರಂಭ ಮಾತ್ರ!”

ಇದರಲ್ಲಿ ಹಸಿ ಸುಳ್ಳು ಎಂಬುದೇನೂ ಇಲ್ಲ. ಆದರೆ ಇದರಲ್ಲಿರುವ ಎರಡೂ ಅಂಕಿಗಳು ಪ್ರಶ್ನೆ ಕೇಳಿದರೆ ನಿಲ್ಲುವುದಿಲ್ಲ, ಮತ್ತು ಧನ್ಯವಾದ ಪಡೆದವರಲ್ಲಿ ಯಾರಿಗೂ ಅದು ತನಗೆ ಹೇಳಿದ್ದು ಎಂದು ತಿಳಿಯುವುದಿಲ್ಲ.

ಒಂದು: ಪ್ರಕಟಿಸುವ ಹೊತ್ತು ಬಂದಿದೆಯೇ ಎಂದು ನೋಡಿಕೊಳ್ಳುವುದು

ಹೂಡಿಕೆಯ ಮಾತುಕತೆಯಲ್ಲಿ ಮೊದಲು ಕೈಗೆ ಸಿಗುವ ಕಾಗದವೆಂದರೆ ಟರ್ಮ್ ಶೀಟ್, ಅಂದರೆ ಹೂಡಿಕೆಯ ಮುಖ್ಯ ಷರತ್ತುಗಳ ಪಟ್ಟಿ. ಅದರಲ್ಲಿ ಗೌಪ್ಯತೆಯಂಥ ಕೆಲವು ಷರತ್ತುಗಳನ್ನು ಬಿಟ್ಟರೆ ಉಳಿದದ್ದು ಸಾಮಾನ್ಯವಾಗಿ ಯಾರನ್ನೂ ಕಾನೂನಿನ ಪ್ರಕಾರ ಕಟ್ಟಿಹಾಕುವುದಿಲ್ಲ. ಅದರ ನಂತರ ಕಂಪನಿಯ ದಾಖಲೆಗಳ ಪರಿಶೀಲನೆ, ಅಂತಿಮ ಒಪ್ಪಂದಗಳ ಸಹಿ, ಹಣದ ವರ್ಗಾವಣೆ, ಷೇರುಗಳ ಹಂಚಿಕೆ ಇಷ್ಟೂ ನಡೆಯಬೇಕು. ಟರ್ಮ್ ಶೀಟ್ ಬಂದ ಸಂಜೆಯೇ ಸುದ್ದಿ ಹೇಳಿಬಿಟ್ಟವರು, ಪರಿಶೀಲನೆಯ ಹೊತ್ತಿನಲ್ಲಿ ಮೊತ್ತ ಇಳಿದಾಗ ಅಥವಾ ಹೂಡಿಕೆದಾರರೇ ಹಿಂದೆ ಸರಿದಾಗ, ಆ ಸುದ್ದಿಯನ್ನು ಎಲ್ಲರೆದುರು ನುಂಗಿಕೊಳ್ಳಬೇಕಾಗುತ್ತದೆ. ಆದ್ದರಿಂದ ಕ್ಯಾಪ್ಷನ್‌ನ ಕರಡನ್ನು ಎಂದು ಬೇಕಾದರೂ ಬರೆಯಬಹುದು, ಪ್ರಕಟಿಸುವುದು ಮಾತ್ರ ಹಣ ಬ್ಯಾಂಕಿಗೆ ತಲುಪಿ ಷೇರು ಹಂಚಿಕೆಯಾದ ಮೇಲೆ.

ಹೂಡಿಕೆಯ ಸುತ್ತು, ಅಂದರೆ ಒಂದು ಬಾರಿಯ ಬಂಡವಾಳ ಸಂಗ್ರಹ, ಇನ್ನೂ ತೆರೆದಿದ್ದು ಹೊಸ ಹೂಡಿಕೆದಾರರಿಗಾಗಿ ಕಂಪನಿ ಹುಡುಕುತ್ತಿರುವಾಗ ಪೋಸ್ಟ್ ಹಾಕುವುದು ಇನ್ನೂ ತೊಡಕಿನ ಸಂಗತಿ, ಏಕೆಂದರೆ ಅದು ಷೇರು ಕೊಳ್ಳಲು ಸಾರ್ವಜನಿಕರಿಗೆ ಕೊಟ್ಟ ಆಹ್ವಾನ ಎನಿಸಿಕೊಳ್ಳಬಹುದು. ಖಾಸಗಿಯಾಗಿ ಷೇರು ನೀಡುವ ಕಂಪನಿ ಅದನ್ನು ಸಾರ್ವಜನಿಕವಾಗಿ ಪ್ರಚಾರ ಮಾಡಬಾರದು ಎಂಬ ನಿಯಮ ಹಲವು ದೇಶಗಳಲ್ಲಿದೆ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ನಿಯಮ 506(ಬಿ) ಅಡಿ ಹಣ ಎತ್ತುವವರಿಗೆ ಸಾರ್ವಜನಿಕ ಆಹ್ವಾನ ನಿಷಿದ್ಧ. ಭಾರತದಲ್ಲಿ 2013ರ ಕಂಪನಿ ಕಾಯ್ದೆಯ 42ನೇ ಕಲಮು ಖಾಸಗಿ ಹಂಚಿಕೆಯ ಬಗ್ಗೆ ಸಾರ್ವಜನಿಕ ಜಾಹೀರಾತು ನೀಡುವುದನ್ನು ತಡೆಯುತ್ತದೆ. ಹಾಗಾಗಿ ‘ಇನ್ನೂ ಸ್ವಲ್ಪ ಜಾಗವಿದೆ, ಆಸಕ್ತರು ಸಂಪರ್ಕಿಸಿ’ ಎಂಬ ಒಂದು ಸಾಲು ಇಡೀ ಕ್ಯಾಪ್ಷನ್‌ನ ಸ್ವರೂಪವನ್ನೇ ಬದಲಾಯಿಸಿಬಿಡುತ್ತದೆ. ಸುತ್ತು ಮುಗಿಯದಿದ್ದರೆ ನಿಮ್ಮ ವಕೀಲರು ‘ಹಾಕಬಹುದು’ ಎಂದು ಬರಹದಲ್ಲಿ ತಿಳಿಸುವವರೆಗೆ ಕಾಯುವುದೇ ಸರಿ.

ಕಾನೂನಿಗೆ ಸಂಬಂಧವಿಲ್ಲದ ಮತ್ತೊಂದು ಕಾರಣಕ್ಕೂ ಕಾಯಬೇಕಾಗಬಹುದು. ಕಂಪನಿ ಇತ್ತೀಚೆಗೆ ಯಾರನ್ನಾದರೂ ಕೆಲಸದಿಂದ ತೆಗೆದಿದ್ದರೆ, ಸರಬರಾಜುದಾರರ ಬಾಕಿ ಉಳಿಸಿಕೊಂಡಿದ್ದರೆ ಅಥವಾ ಕಳೆದ ವಾರವಷ್ಟೇ ಉಪಕರಣ ಕೈಕೊಟ್ಟು ಗ್ರಾಹಕರು ಪರದಾಡಿದ್ದರೆ, ಮೊದಲು ಆ ಲೆಕ್ಕ ತೀರಿಸಿ. ಬಾಕಿ ಬರಬೇಕಾದವರು ಸಂಭ್ರಮದ ಪೋಸ್ಟನ್ನು ಓದುವ ರೀತಿಯೇ ಬೇರೆ.

ಎರಡು: ಅಂಕಿಯನ್ನು ಬಿಡಿಸಿ ಬರೆಯುವುದು

ಕ್ಯಾಪ್ಷನ್ ಬರೆಯುವ ಮೊದಲು ಒಂದು ಹಾಳೆಯಲ್ಲಿ ಮೊತ್ತವನ್ನು ಅದರ ಭಾಗಗಳಾಗಿ ಒಡೆದು ಬರೆಯಿರಿ. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೇಳಬೇಕಾದ ಹೆಜ್ಜೆ ಇದು. ನಮ್ಮ ಉದಾಹರಣೆಯ ಕಂಪನಿಯ 20 ಲಕ್ಷ ಡಾಲರ್ ಎಂಬ ಮೊತ್ತವನ್ನು ಬಿಡಿಸಿದಾಗ ಸಿಕ್ಕಿದ್ದು ಇಷ್ಟು.

ಈ ಸುತ್ತಿನಲ್ಲಿ ಷೇರಿಗೆ ಪ್ರತಿಯಾಗಿ ನಿಜವಾಗಿ ಖಾತೆಗೆ ಬಂದ ಹಣ 9 ಲಕ್ಷ. ಅದೇ ಹೂಡಿಕೆದಾರರು ಎರಡನೇ ಕಂತಾಗಿ ಕೊಡಲು ಒಪ್ಪಿರುವುದು 4 ಲಕ್ಷ, ಆದರೆ ಉಪಕರಣ 100 ಕ್ಲಿನಿಕ್‌ಗಳಲ್ಲಿ ಚಾಲನೆಗೆ ಬಂದ ಮೇಲೆ ಮಾತ್ರ. ಹಿಂದಿನ ವರ್ಷ ಮೂವರು ಹಿತೈಷಿಗಳು ಮುಂದೆ ಷೇರಾಗಿ ಬದಲಾಗುವ ಒಪ್ಪಂದದ ಮೇಲೆ ಕೊಟ್ಟ 2 ಲಕ್ಷ ಈಗ ಷೇರಾಗಿ ಬದಲಾಗಿದೆ. ಅದು ಈಗಾಗಲೇ ಖರ್ಚಾಗಿರುವ ಹಣ, ಹೊಸದಾಗಿ ಬಂದದ್ದಲ್ಲ. ಎರಡು ವರ್ಷದ ಹಿಂದೆ ಸಂಶೋಧನೆಗೆ ಸಿಕ್ಕ ಅನುದಾನ 2 ಲಕ್ಷ. ಉಳಿದ 3 ಲಕ್ಷ ಬ್ಯಾಂಕು ಮಂಜೂರು ಮಾಡಿರುವ ಸಾಲದ ಮಿತಿ. ಅದರಲ್ಲಿ ಒಂದು ಪೈಸೆಯನ್ನೂ ಇನ್ನೂ ಎತ್ತಿಲ್ಲ, ಎತ್ತಿದರೆ ಬಡ್ಡಿ ಸಮೇತ ಹಿಂದಿರುಗಿಸಬೇಕು.

ಕೂಡಿದರೆ 20 ಸರಿಯಾಗಿಯೇ ಬರುತ್ತದೆ. ಆದರೆ ‘ಸಂಗ್ರಹಿಸಿದ್ದೇವೆ’ ಎಂದು ಓದಿದವರಿಗೆ ಅರ್ಥವಾಗುವುದು ‘ಈಗ, ಈ ಸುತ್ತಿನಲ್ಲಿ, ನಿಮ್ಮ ಕೈಗೆ ಬಂದ ಹಣ’ ಎಂದು. ಆ ಅರ್ಥಕ್ಕೆ ಹೊಂದುವ ಅಂಕಿ ಒಂದೇ, 9 ಲಕ್ಷ. ಉಳಿದವುಗಳಲ್ಲಿ ಒಂದೊಂದೂ ನಿಜವೇ, ಆದರೆ ಅವುಗಳನ್ನು ಒಂದೇ ಕ್ರಿಯಾಪದದ ಕೆಳಗೆ ಕೂಡಿಸುವಂತಿಲ್ಲ. ಮೊತ್ತ ಹೇಳಬೇಕೆಂದಿದ್ದರೆ ಪಾಲಿಸಬಹುದಾದ ನಿಯಮ ಸರಳವಾಗಿದೆ: ನೀವು ಬಳಸಿದ ಕ್ರಿಯಾಪದ ಯಾವ ಹಣಕ್ಕೆ ಒಪ್ಪುತ್ತದೆಯೋ ಅಷ್ಟನ್ನೇ ಹೇಳಿ. ‘ತಲುಪಿದೆ’ ಎಂದರೆ ತಲುಪಿದ್ದು. ‘ಒಪ್ಪಿದ್ದಾರೆ’ ಎಂದರೆ ಷರತ್ತಿನ ಕಂತೂ ಸೇರಿದ್ದು, ಆಗ ಷರತ್ತಿದೆ ಎಂಬುದನ್ನೂ ಹೇಳಬೇಕು. ‘ಈವರೆಗೆ ಒಟ್ಟು’ ಎಂದರೆ ಹಿಂದಿನ ವರ್ಷದ್ದೂ ಸೇರುತ್ತದೆ, ಸಾಲ ಮಾತ್ರ ಆಗಲೂ ಸೇರುವುದಿಲ್ಲ.

ಅಂಕಿಯನ್ನು ಮೇಲಕ್ಕೆ ಸುತ್ತುಗೊಳಿಸಬೇಡಿ. 8.7 ಇದ್ದರೆ ‘ಸುಮಾರು 9’ ಎನ್ನುವ ಬದಲು 8.7 ಎಂದೇ ಬರೆಯಿರಿ, ಇಲ್ಲವೇ ‘8 ಲಕ್ಷಕ್ಕೂ ಹೆಚ್ಚು’ ಎನ್ನಿ. ಲಕ್ಷ ಮತ್ತು ಮಿಲಿಯನ್ ಎಣಿಕೆಗಳನ್ನು ಒಂದೇ ಕ್ಯಾಪ್ಷನ್‌ನಲ್ಲಿ ಬೆರೆಸುವುದೂ ಬೇಡ. 9 ಲಕ್ಷವನ್ನು 0.9 ಮಿಲಿಯನ್ ಎಂದು ಬರೆದು, ಅದು ಇನ್ನೊಬ್ಬರ ಕೈಯಲ್ಲಿ 9 ಮಿಲಿಯನ್ ಆಗಿ ಹಂಚಿಕೆಯಾದ ಮೇಲೆ ತಿದ್ದುಪಡಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಉಬ್ಬಿಸಿದ ಅಂಕಿ ಹೊರಬೀಳುವುದು ಸಾಮಾನ್ಯವಾಗಿ ಸರ್ಕಾರಿ ದಾಖಲೆಗಳಿಂದ. ಅಮೆರಿಕದಲ್ಲಿ ಇಂಥ ಖಾಸಗಿ ಮಾರಾಟ ಮಾಡಿದ ಕಂಪನಿ ಮೊದಲ ಮಾರಾಟದ ನಂತರ 15 ದಿನಗಳೊಳಗೆ ‘ಫಾರ್ಮ್ ಡಿ’ ಸಲ್ಲಿಸಬೇಕು. ಅದರಲ್ಲಿ ಒಟ್ಟು ಎತ್ತಬೇಕೆಂದಿರುವ ಮೊತ್ತ ಮತ್ತು ಈಗಾಗಲೇ ಮಾರಾಟವಾದ ಮೊತ್ತ ಎರಡಕ್ಕೂ ಬೇರೆ ಬೇರೆ ಸಾಲುಗಳಿವೆ, ಮತ್ತು ಆ ದಾಖಲೆಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ತೆರೆದು ನೋಡಬಹುದು. ಭಾರತದಲ್ಲಿಯೂ ಷೇರು ಹಂಚಿಕೆಯ ವಿವರವನ್ನು ಕಂಪನಿಗಳ ರಿಜಿಸ್ಟ್ರಾರ್ ಅವರಿಗೆ ಸಲ್ಲಿಸಬೇಕಾಗುತ್ತದೆ. ಕ್ಯಾಪ್ಷನ್‌ನಲ್ಲಿ 20, ದಾಖಲೆಯಲ್ಲಿ 9 ಎಂದಿದ್ದರೆ ಅದನ್ನು ಮೊದಲು ಹುಡುಕಿ ತೆಗೆಯುವವರು ಮುಂದಿನ ಸುತ್ತಿನ ಹೂಡಿಕೆದಾರರು.

ಬಳಕೆದಾರರ ಸಂಖ್ಯೆಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಕರಡಿನಲ್ಲಿದ್ದ ‘50ಕ್ಕೂ ಹೆಚ್ಚು ಕ್ಲಿನಿಕ್‌ಗಳು’ ಎಂಬುದು ಸಹಿ ಹಾಕಿದ 53 ಕ್ಲಿನಿಕ್‌ಗಳ ಲೆಕ್ಕ. ಅವುಗಳ ಪೈಕಿ ಕಳೆದ ತಿಂಗಳು ಉಪಕರಣದಿಂದ ಮಾಹಿತಿ ಬಂದಿರುವುದು 41 ಕಡೆಗಳಿಂದ. ಉಳಿದ 12 ಕಡೆ ಪೆಟ್ಟಿಗೆಯನ್ನು ಇನ್ನೂ ಬಿಚ್ಚಿಲ್ಲ ಅಥವಾ ಅಳವಡಿಸಿ ಕಳಚಿದ್ದಾರೆ. ‘ಬಳಸುತ್ತಿವೆ’ ಎಂದು ಬರೆಯುವುದಾದರೆ ಅಂಕಿ 41.

ಮೂರು: ಮೊತ್ತವನ್ನು ಹೇಳಬೇಕೇ ಬೇಡವೇ

ಮೊತ್ತ ಹೇಳಲೇಬೇಕೆಂಬ ನಿಯಮವಿಲ್ಲ. ‘ನಮ್ಮ ಆರಂಭಿಕ ಹಂತದ ಸೀಡ್ ಸುತ್ತು ಪೂರ್ಣಗೊಂಡಿದೆ’ ಎಂದಷ್ಟೇ ಹೇಳಿ ನಿಲ್ಲಿಸುವುದು ಗೌರವಯುತವಾದ ಆಯ್ಕೆ. ಹೇಳಿದರೆ ಏನಾಗುತ್ತದೆ ಎಂಬುದನ್ನು ಯೋಚಿಸಿ ನಿರ್ಧರಿಸಿ. ಮೊತ್ತ ನೋಡಿದ ಬಿಡಿಭಾಗ ಸರಬರಾಜುದಾರ ಮುಂದಿನ ಬಾರಿ ರಿಯಾಯಿತಿ ಕೊಡಲು ಹಿಂಜರಿಯುತ್ತಾನೆ, ಕೆಲಸಕ್ಕೆ ಬರುವವರು ಅದನ್ನು ಮನಸ್ಸಿನಲ್ಲಿಟ್ಟು ಸಂಬಳ ಕೇಳುತ್ತಾರೆ, ಪ್ರತಿಸ್ಪರ್ಧಿಗೆ ನಿಮ್ಮ ಹಣ ಎಷ್ಟು ತಿಂಗಳು ಬರುತ್ತದೆ ಎಂಬ ಅಂದಾಜು ಸಿಗುತ್ತದೆ. ಇನ್ನೊಂದೆಡೆ, ದೊಡ್ಡ ಆಸ್ಪತ್ರೆಯಂಥ ಗ್ರಾಹಕರಿಗೆ ‘ಈ ಕಂಪನಿ ಇನ್ನೆರಡು ವರ್ಷ ಇರುತ್ತದೆಯೇ’ ಎಂಬ ಅನುಮಾನವಿದ್ದರೆ ಮೊತ್ತ ಹೇಳುವುದರಿಂದ ಉಪಯೋಗವಿದೆ. ನಮ್ಮ ಉದಾಹರಣೆಯ ಕಂಪನಿ ಹೇಳಲು ನಿರ್ಧರಿಸಿದ್ದು ಈ ಕಾರಣಕ್ಕೇ: ಲಸಿಕೆಯ ಸುರಕ್ಷತೆಗಾಗಿ ಉಪಕರಣ ನೆಚ್ಚಿಕೊಂಡವರಿಗೆ ಅದನ್ನು ನೋಡಿಕೊಳ್ಳುವವರು ಉಳಿಯುತ್ತಾರೆಂಬ ಭರವಸೆ ಬೇಕು.

ಕಂಪನಿಯ ಮೌಲ್ಯವನ್ನು, ಅಂದರೆ ವ್ಯಾಲ್ಯುಯೇಷನ್ ಅನ್ನು ಮಾತ್ರ ಕ್ಯಾಪ್ಷನ್‌ನಿಂದ ಹೊರಗಿಡುವುದೇ ಲೇಸು. ಅದು ಒಂದು ಸುತ್ತಿನಲ್ಲಿ, ಕೆಲವೇ ಜನ ಒಂದು ಸಣ್ಣ ಪಾಲಿಗೆ ಕೊಟ್ಟ ಬೆಲೆಯಿಂದ ಗುಣಿಸಿ ತೆಗೆದ ಅಂಕಿ. ಮುಂದಿನ ಸುತ್ತಿನಲ್ಲಿ ಅದು ಇಳಿದರೆ, ನೀವೇ ಸಾರಿದ ಹಳೆಯ ಅಂಕಿ ನಿಮ್ಮ ಎದುರಿಗೆ ಅಳತೆಗೋಲಾಗಿ ನಿಲ್ಲುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಸಂಯಮ ಎಂದರೆ ಅಂಕಿಯನ್ನು ಕುಗ್ಗಿಸಿ ಹೇಳುವುದೂ ಅಲ್ಲ. ‘ಕೇವಲ 9 ಲಕ್ಷ’ ಎಂದು ಬರೆದರೆ ಅದರ ಹತ್ತನೇ ಒಂದು ಭಾಗಕ್ಕಾಗಿ ವರ್ಷದಿಂದ ಅಲೆಯುತ್ತಿರುವವರಿಗೆ ಅದು ಚುಚ್ಚುತ್ತದೆ, ಕೊಟ್ಟವರಿಗೂ ಹಿತವಾಗುವುದಿಲ್ಲ. ‘ವಿನಮ್ರರಾಗಿದ್ದೇವೆ’ ಎಂದು ತಾವೇ ಘೋಷಿಸಿಕೊಳ್ಳುವ ವಾಕ್ಯವನ್ನಂತೂ ಹುಡುಕಿ ಹೊಡೆದುಹಾಕಿ. ವಿಶೇಷಣವೂ ಇಲ್ಲದೆ, ಉದ್ಗಾರ ಚಿಹ್ನೆಯೂ ಇಲ್ಲದೆ ವಾಕ್ಯದ ಮಧ್ಯದಲ್ಲಿ ಕುಳಿತ ಅಂಕಿಯಲ್ಲಿಯೇ ಆ ವಿನಯ ಓದುಗರಿಗೆ ಕಾಣುತ್ತದೆ.

ನಾಲ್ಕು: ಯಾರಿಗೆ, ಯಾವುದಕ್ಕೆ ಧನ್ಯವಾದ

ಎರಡು ಅಂಕಣಗಳ ಪಟ್ಟಿ ಮಾಡಿ. ಎಡಗಡೆ ವ್ಯಕ್ತಿ ಅಥವಾ ಗುಂಪು, ಬಲಗಡೆ ಅವರು ಮಾಡಿದ ಒಂದು ಕೆಲಸ. ಬಲಗಡೆ ‘ಬೆಂಬಲ’, ‘ಪ್ರೋತ್ಸಾಹ’, ‘ಮಾರ್ಗದರ್ಶನ’ ಎಂಬ ಪದಗಳನ್ನು ಬರೆಯುವಂತಿಲ್ಲ ಎಂದು ನಿಮಗೆ ನೀವೇ ನಿಷೇಧ ಹಾಕಿಕೊಳ್ಳಿ. ಆಗ ನೆನಪನ್ನು ಕೆದಕಲೇಬೇಕಾಗುತ್ತದೆ.

ನಮ್ಮ ಉದಾಹರಣೆಯ ಸ್ಥಾಪಕರು ಈ ಪಟ್ಟಿ ಮಾಡಿದಾಗ ಮೊದಲ ಸಾಲಿಗೆ ಬಂದವರು ಹೂಡಿಕೆದಾರರಲ್ಲ, ಮೊಟ್ಟಮೊದಲು ಉಪಕರಣ ಹಾಕಿಸಿಕೊಂಡ ನಾಲ್ಕು ಕ್ಲಿನಿಕ್‌ಗಳ ದಾದಿಯರು. ಆ ಮೊದಲ ಉಪಕರಣ ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಅನಗತ್ಯವಾಗಿ ಕೂಗಿಕೊಳ್ಳುತ್ತಿತ್ತು. ಅದನ್ನು ಕಿತ್ತು ಮೂಲೆಗೆಸೆಯುವ ಬದಲು ಅವರು ಯಾವ ಹೊತ್ತಿಗೆ, ಏನು ಮಾಡುವಾಗ ಕೂಗಿತು ಎಂದು ಆರು ವಾರ ಬರೆದಿಟ್ಟುಕೊಟ್ಟರು. ಎರಡನೆಯ ಸಾಲಿಗೆ ಬಂದವರು, ಮೊದಲ ಸರ್ಕ್ಯೂಟ್ ಬೋರ್ಡನ್ನು ರೂಪಿಸಿ ಆಮೇಲೆ ಕಂಪನಿ ಬಿಟ್ಟುಹೋದ ಇಬ್ಬರು. ಬಿಟ್ಟುಹೋದವರು ಇಂಥ ಪಟ್ಟಿಗಳಿಂದ ತಪ್ಪಿಹೋಗುವುದೇ ಹೆಚ್ಚು, ಮತ್ತು ತಪ್ಪಿಹೋದದ್ದು ಅವರಿಗೆ ತಪ್ಪದೆ ಗೊತ್ತಾಗುತ್ತದೆ. ಮೂರನೆಯವರು, ಹಿಂದಿನ ವರ್ಷ ತೋರಿಸಲು ಏನೂ ಇಲ್ಲದಿದ್ದಾಗ ಹಣ ಕೊಟ್ಟ ಮೂವರು. ಈ ಸುತ್ತಿನಲ್ಲಿ ಹಣ ಹಾಕಿದ ಸಂಸ್ಥೆಯ ಬಗ್ಗೆ ಬರೆಯಲು ಸಿಕ್ಕ ನಿರ್ದಿಷ್ಟ ಕೆಲಸವೆಂದರೆ, ಹಣದ ಮಾತಿಗೆ ಮುಂಚೆ ಅದರ ಪ್ರತಿನಿಧಿಗಳು ಎರಡು ಕ್ಲಿನಿಕ್‌ಗಳಿಗೆ ಹೋಗಿ ಒಂದು ಇಡೀ ದಿನ ಕುಳಿತು ನೋಡಿದ್ದು.

ಪಟ್ಟಿ ಮುಗಿದ ಮೇಲೆ ಪ್ರತಿಯೊಬ್ಬರ ಒಪ್ಪಿಗೆ ಪಡೆಯಬೇಕು. ಹೂಡಿಕೆ ಒಪ್ಪಂದಗಳಲ್ಲಿ, ಹೂಡಿಕೆದಾರರ ಹೆಸರನ್ನೂ ಲಾಂಛನವನ್ನೂ ಅವರ ಲಿಖಿತ ಒಪ್ಪಿಗೆ ಇಲ್ಲದೆ ಬಳಸಬಾರದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಸ್ವಂತ ಹಣ ಹಾಕಿದ ವ್ಯಕ್ತಿಗಳು ಬೇರೆ ಕಂಪನಿಯಲ್ಲಿ ನೌಕರಿಯಲ್ಲಿರಬಹುದು, ತಮ್ಮ ಹೆಸರು ಹೊರಬರುವುದು ಅವರಿಗೆ ಬೇಡವಾಗಿರಬಹುದು. ಗ್ರಾಹಕರೊಂದಿಗಿನ ಒಪ್ಪಂದದಲ್ಲೂ ಹೆಸರು ಬಳಸುವ ಬಗ್ಗೆ ನಿರ್ಬಂಧವಿದೆಯೇ ಎಂದು ತೆರೆದು ನೋಡಿ. ಒಪ್ಪಿಗೆ ಕೇಳುವಾಗ ‘ನಿಮ್ಮ ಹೆಸರು ಹಾಕಬಹುದೇ’ ಎಂದಷ್ಟೇ ಕೇಳದೆ, ಅವರ ಬಗ್ಗೆ ಬರುವ ಆ ಒಂದು ವಾಕ್ಯವನ್ನೇ ಕಳುಹಿಸಿ ಎರಡು ದಿನದ ಗಡುವು ಕೊಡಿ. ಉತ್ತರ ಬಾರದಿದ್ದರೆ ಹೆಸರು ಬಿಟ್ಟು ಕೆಲಸವನ್ನು ಮಾತ್ರ ಹೇಳಿ. ನಮ್ಮ ಉದಾಹರಣೆಯಲ್ಲಿ ಕ್ಲಿನಿಕ್‌ಗಳ ಹೆಸರು ಬಿಟ್ಟದ್ದು ಹೀಗೆ. ಹೆಸರಿಲ್ಲದಿದ್ದರೂ ಆರು ವಾರದ ಟಿಪ್ಪಣಿಯ ಮಾತು ಓದಿದ ದಾದಿಗೆ ಅದು ತನ್ನದೇ ಎಂದು ಗೊತ್ತಾಗುತ್ತದೆ.

ಐದು: ಬರೆಯುವುದು

ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ಗೆ 2,200 ಅಕ್ಷರಗಳ ಮಿತಿಯಿದೆ, ಲಿಂಕ್ಡ್‌ಇನ್ ಪೋಸ್ಟ್‌ಗೆ 3,000. ಎರಡೂ ಕಡೆ ಮೊದಲ ಕೆಲವು ಸಾಲುಗಳಷ್ಟೇ ಕಾಣುತ್ತವೆ, ಉಳಿದದ್ದನ್ನು ಓದಲು ಒತ್ತಬೇಕು. ಕನ್ನಡದಲ್ಲಿ ಬರೆಯುವವರು ಇನ್ನೊಂದು ವಿಷಯ ತಿಳಿದಿರಬೇಕು: ಗಣಕ ಒತ್ತಕ್ಷರ ಮತ್ತು ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ. ‘ಕೃತಜ್ಞತೆ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಎಣಿಕೆಗೆ ಸಿಗುವುದು ಎಂಟು. ಅಂದರೆ ಮಿತಿ ನೀವಂದುಕೊಂಡದ್ದಕ್ಕಿಂತ ಬೇಗ ಮುಗಿಯುತ್ತದೆ, ಮತ್ತು ಎಕ್ಸ್‌ನ 280ರ ಮಿತಿಯಲ್ಲಿ ಮೂರು ಸಣ್ಣ ವಾಕ್ಯಗಳಿಗಿಂತ ಹೆಚ್ಚು ಹಿಡಿಸುವುದು ಕಷ್ಟ.

ಕಾಣುವ ಆ ಮೊದಲ ಸಾಲನ್ನು ಮೊತ್ತಕ್ಕೆ ಕೊಡಬೇಡಿ. ಕಂಪನಿ ಏನು ಮಾಡುತ್ತದೆ, ಯಾರಿಗಾಗಿ ಮಾಡುತ್ತದೆ ಎಂಬುದಕ್ಕೆ ಕೊಡಿ. ಆಮೇಲೆ ಧನ್ಯವಾದ ಬರಲಿ. ಅದೂ ಪಟ್ಟಿಯಲ್ಲಿರುವ ಎಲ್ಲರಿಗಲ್ಲ, ಮೂರು ಅಥವಾ ನಾಲ್ಕು ಕಡೆಯವರಿಗೆ, ಒಬ್ಬೊಬ್ಬರಿಗೂ ಒಂದೆರಡು ವಾಕ್ಯ. ಉಳಿದವರಿಗೆ ಅದೇ ದಿನ ಖಾಸಗಿಯಾಗಿ ಪತ್ರ ಹೋಗಲಿ. ನಂತರ ಮೊತ್ತ, ಕೊನೆಯಲ್ಲಿ ಹಣದಿಂದ ಮಾಡುವ ಕೆಲಸ. ಕೆಲಸದ ಮಾತಿನಲ್ಲಿಯೂ ಇನ್ನೂ ಆಗದಿರುವುದನ್ನು ಆಗಿಲ್ಲ ಎಂದೇ ಹೇಳಿ. ತಿದ್ದಿದ ಕ್ಯಾಪ್ಷನ್ ಹೀಗಾಯಿತು:

“ಲಸಿಕೆ ಇಡುವ ಫ್ರಿಜ್ಜಿನ ತಾಪಮಾನ ಮಿತಿ ದಾಟಿದರೆ ದಾದಿಗೆ ಕೂಡಲೇ ತಿಳಿಸುವ ಉಪಕರಣ ನಮ್ಮದು. ಇಂದು 41 ಕ್ಲಿನಿಕ್‌ಗಳು ಅದನ್ನು ಬಳಸುತ್ತಿವೆ. ಈ ಕೆಲಸ ಮುಂದುವರಿಸಲು ನಮಗೆ ಹೂಡಿಕೆ ದೊರೆತಿದೆ.

ಮೊದಲ ಕೃತಜ್ಞತೆ ಆರಂಭದ ನಾಲ್ಕು ಕ್ಲಿನಿಕ್‌ಗಳ ದಾದಿಯರಿಗೆ. ಬಾಗಿಲು ತೆರೆದಾಗಲೆಲ್ಲ ಕೂಗುತ್ತಿದ್ದ ನಮ್ಮ ಮೊದಲ ಉಪಕರಣವನ್ನು ಅವರು ಆರು ವಾರ ಸಹಿಸಿಕೊಂಡು, ಅದು ತಪ್ಪಿದ ಪ್ರತಿ ಸಲವನ್ನೂ ಬರೆದು ಕೊಟ್ಟರು. ಈಗಿನ ಉಪಕರಣ ಯಾವಾಗ ಸುಮ್ಮನಿರಬೇಕು ಎಂಬುದನ್ನು ಕಲಿತದ್ದು ಆ ಟಿಪ್ಪಣಿಗಳಿಂದ.

ಮೊದಲ ಸರ್ಕ್ಯೂಟ್ ಬೋರ್ಡ್ ರೂಪಿಸಿ ಈಗ ಬೇರೆಡೆ ದುಡಿಯುತ್ತಿರುವ ಇಬ್ಬರು ಸಹೋದ್ಯೋಗಿಗಳಿಗೆ, ಅದನ್ನು ದಿನವೂ ದುರಸ್ತಿ ಮಾಡುತ್ತಾ ಬಂದ ನಮ್ಮ ಒಂಬತ್ತು ಜನರ ತಂಡಕ್ಕೆ, ಮತ್ತು ತೋರಿಸಲು ಒಂದು ಮಾದರಿಯೂ ಇಲ್ಲದಿದ್ದಾಗ ಹಣ ಕೊಟ್ಟ ಮೂವರು ಹಿತೈಷಿಗಳಿಗೆ ನಾವು ಋಣಿಗಳು.

ಈ ಸುತ್ತಿನ ಹೂಡಿಕೆದಾರರು (ಸಂಸ್ಥೆಯ ಹೆಸರು). ನಮ್ಮೊಂದಿಗೆ ಲೆಕ್ಕದ ಮಾತಾಡುವ ಮೊದಲು ಅವರು ಎರಡು ಕ್ಲಿನಿಕ್‌ಗಳಲ್ಲಿ ಒಂದು ದಿನ ಕುಳಿತು ಕೆಲಸ ನೋಡಿದರು. ಅವರಿಂದ 9 ಲಕ್ಷ ಡಾಲರ್ ನಮಗೆ ತಲುಪಿದ್ದು, ಅದು ಸುಮಾರು 18 ತಿಂಗಳ ಕೆಲಸಕ್ಕೆ ಸಾಕಾಗುವ ಅಂದಾಜಿದೆ.

ಈ ಅವಧಿಯಲ್ಲಿ ವಿದ್ಯುತ್ ಹೋದಾಗಲೂ ಎಚ್ಚರಿಕೆ ತಲುಪುವಂತೆ ಮಾಡುವುದು ಮೊದಲ ಕೆಲಸ. ಅದು ಇನ್ನೂ ಪ್ರಯೋಗದ ಹಂತದಲ್ಲಿದೆ. ಉಪಕರಣ ಪಡೆದೂ ಬಳಸಲಾಗದೆ ಇರುವ 12 ಕ್ಲಿನಿಕ್‌ಗಳಿಗೆ ನಮ್ಮವರು ಸ್ವತಃ ಹೋಗಿ ಅಳವಡಿಸಿಕೊಡುವುದು ಎರಡನೆಯದು.”

12 ಕ್ಲಿನಿಕ್‌ಗಳ ಮಾತನ್ನು ಕ್ಯಾಪ್ಷನ್‌ಗೆ ಸೇರಿಸುವ ಬಗ್ಗೆ ಯಾರಾದರೂ ಹಿಂದೇಟು ಹಾಕಬಹುದು. ನನ್ನ ಮಟ್ಟಿಗೆ ಇಡೀ ಬರಹಕ್ಕೆ ನಂಬಿಕೆ ತರುವುದು ಆ ಸಾಲೇ, ಏಕೆಂದರೆ ತನ್ನ ಕೊರತೆಯನ್ನು ಎಣಿಸಿ ಹೇಳಿದ ಕಂಪನಿ ಉಳಿದ ಅಂಕಿಗಳನ್ನೂ ಎಣಿಸಿಯೇ ಹೇಳಿರುತ್ತದೆ ಎಂದು ಓದುಗರು ತಿಳಿಯುತ್ತಾರೆ. ಆದರೆ ಇದನ್ನು ಹೂಡಿಕೆದಾರರಿಗೆ ಮುಂಚೆಯೇ ತಿಳಿಸಿರಬೇಕು. ಅವರು ಮೊದಲ ಬಾರಿಗೆ ಪೋಸ್ಟ್‌ನಲ್ಲಿ ಓದುವಂತಾಗಬಾರದು. 18 ತಿಂಗಳ ಅಂದಾಜೂ ಹಾಗೆಯೇ. ಅದು ಗ್ರಾಹಕರಿಗೆ ಧೈರ್ಯ ಕೊಡುತ್ತದೆ, ಪ್ರತಿಸ್ಪರ್ಧಿಗೆ ಸುಳಿವನ್ನೂ ಕೊಡುತ್ತದೆ. ಹಿಂಜರಿಕೆಯಿದ್ದರೆ ಆ ಉಪವಾಕ್ಯವನ್ನು ತೆಗೆದರೂ ಕ್ಯಾಪ್ಷನ್ ಕೆಡುವುದಿಲ್ಲ.

ಚಿತ್ರದ ಬಗ್ಗೆ ಒಂದೇ ಮಾತು. ಕ್ಯಾಪ್ಷನ್‌ನಲ್ಲಿ ಅಂಕಿಯನ್ನು ಮಧ್ಯಕ್ಕೆ ತಳ್ಳಿ, ಚಿತ್ರದ ಮೇಲೆ ಅದನ್ನೇ ದಪ್ಪ ಅಕ್ಷರದಲ್ಲಿ ಬರೆದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಕ್ಲಿನಿಕ್‌ನಲ್ಲಿ ಅಳವಡಿಸಿದ ಉಪಕರಣದ ಚಿತ್ರ ಸಾಕು, ರೋಗಿಗಳ ಮುಖವಾಗಲಿ ಲಸಿಕೆಯ ದಾಖಲೆ ಪುಸ್ತಕವಾಗಲಿ ಅದರಲ್ಲಿ ಕಾಣದಿರಲಿ.

ಆರು: ಒತ್ತುವ ಮುನ್ನ ಮತ್ತು ಒತ್ತಿದ ಮೇಲೆ

ಅಂತಿಮ ಪಠ್ಯವನ್ನು ಹಣಕಾಸು ನೋಡಿಕೊಳ್ಳುವವರು ಅಂಕಿಗಾಗಿ, ವಕೀಲರು ಒಪ್ಪಂದದ ಷರತ್ತಿಗಾಗಿ, ಹೂಡಿಕೆದಾರರು ತಮ್ಮ ಹೆಸರಿಗಾಗಿ ಒಮ್ಮೆ ಓದಬೇಕು. ಟ್ಯಾಗ್ ಮಾಡುವ ಪ್ರತಿ ಖಾತೆಯನ್ನೂ ತೆರೆದು ನೋಡಿ, ಒಂದೇ ಹೆಸರಿನ ಬೇರೆ ಸಂಸ್ಥೆಯನ್ನು ಟ್ಯಾಗ್ ಮಾಡುವ ತಪ್ಪು ತುಂಬ ಸಾಮಾನ್ಯ. ಪತ್ರಿಕೆಗೆ ‘ಇಂಥ ಗಂಟೆಯವರೆಗೆ ಪ್ರಕಟಿಸಬೇಡಿ’ ಎಂದು ಮುಂಚಿತವಾಗಿ ಸುದ್ದಿ ಕೊಟ್ಟಿದ್ದರೆ, ಆ ಗಂಟೆಗೆ ಮುಂಚೆ ನೀವೂ ಪೋಸ್ಟ್ ಹಾಕುವಂತಿಲ್ಲ. ಎಲ್ಲಕ್ಕಿಂತ ಮೊದಲು ನಿಮ್ಮ ತಂಡದವರಿಗೆ ಮುಖತಃ ಹೇಳಿ. ತಾವು ದುಡಿಯುವ ಕಂಪನಿಯ ಸುದ್ದಿಯನ್ನು ಫೋನಿನ ಪರದೆಯಲ್ಲಿ ಓದಿ ತಿಳಿದವರಿಗೆ ‘ತಂಡಕ್ಕೆ ಋಣಿ’ ಎಂಬ ಸಾಲು ರುಚಿಸುವುದಿಲ್ಲ.

ಪೋಸ್ಟ್ ಹೋದ ಮೇಲೆ ಯಾರಾದರೂ ‘ವ್ಯಾಲ್ಯುಯೇಷನ್ ಎಷ್ಟು?’ ಎಂದು ಕೇಳಿಯೇ ಕೇಳುತ್ತಾರೆ. ‘ಅದನ್ನು ನಾವು ಪ್ರಕಟಿಸುತ್ತಿಲ್ಲ’ ಎಂಬ ಒಂದು ವಾಕ್ಯ ಸಾಕು, ‘ಊಹಿಸಿ ನೋಡಿ’ ಎಂಬಂಥ ಚೇಷ್ಟೆ ಬೇಡ. ಅಂಕಿಯಲ್ಲಿ ತಪ್ಪು ಕಂಡುಬಂದರೆ ಸದ್ದಿಲ್ಲದೆ ತಿದ್ದದೆ, ಏನಿತ್ತು, ಏನಾಗಬೇಕಿತ್ತು ಎಂದು ಕೆಳಗೆ ಒಂದು ಸಾಲು ಬರೆಯಿರಿ. ಆ ವೇಳೆಗೆ ಹಳೆಯ ಅಂಕಿಯ ಸ್ಕ್ರೀನ್‌ಶಾಟ್ ಯಾರದೋ ಬಳಿ ಇರುತ್ತದೆ.

ಹಣ ಬಂದ ಸುದ್ದಿ ವಂಚಕರಿಗೂ ತಲುಪುತ್ತದೆ. ಸ್ಥಾಪಕರ ಹೆಸರಿನಲ್ಲಿ ಲೆಕ್ಕಪತ್ರ ವಿಭಾಗಕ್ಕೆ ‘ತುರ್ತಾಗಿ ಈ ಬಿಲ್ ಪಾವತಿಸಿ’ ಎಂಬ ಇಮೇಲ್, ವಕೀಲರ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಪತ್ರ ಇಂಥ ದಿನಗಳಲ್ಲಿ ಬರಬಹುದು, ಮತ್ತು ಯಾರು ಯಾರಿಗೆ ಏನಾಗಬೇಕು ಎಂಬ ವಿವರವನ್ನು ನಿಮ್ಮ ಕ್ಯಾಪ್ಷನ್ನೇ ಅವರಿಗೆ ಒದಗಿಸಿರುತ್ತದೆ. ಲೆಕ್ಕಪತ್ರ ನೋಡುವವರ ಹೆಸರನ್ನು ಧನ್ಯವಾದದ ಸಾಲಿನಲ್ಲಿ ಹಾಕದಿರುವುದಕ್ಕೂ, ಪೋಸ್ಟ್ ಹೋದ ಮುಂದಿನ ಕೆಲವು ವಾರ ಯಾವ ಹೊಸ ಖಾತೆಗೂ, ಆ ಕಡೆಯವರ ಹಳೆಯ ಫೋನ್ ಸಂಖ್ಯೆಗೆ ತಾವೇ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಬಾರದು ಎಂದು ಅವರಿಗೆ ಮುಂಚೆಯೇ ಹೇಳಿಡುವುದಕ್ಕೂ ಇದೇ ಕಾರಣ.